ಪುಟ್-ಕಾಲ್ ಲೆಕ್ಕದಲ್ಲಿ ಕಂಡ 6.58ರ ಅಂತರ ಎಲ್ಲಿಂದ ಬಂತು?

ಪ್ರಶ್ನೆ: ಒಂದು ಷೇರು ಈಗ 1,000ದಲ್ಲಿದೆ. 90 ದಿನದ ಎಕ್ಸ್‌ಪೈರಿ, 1,000 ಸ್ಟ್ರೈಕ್, ಯುರೋಪಿಯನ್ ಆಪ್ಷನ್. ಕಾಲ್‌ನ ಕೊನೆಯ ವಹಿವಾಟು 46, ಪುಟ್‌ನದು 38. ಬಡ್ಡಿ ವರ್ಷಕ್ಕೆ ಶೇ. 6 ಹಿಡಿದು ಪುಟ್-ಕಾಲ್ ಪ್ಯಾರಿಟಿ ಹಾಕಿದರೆ ಕಾಲ್ 6.58ರಷ್ಟು ಅಗ್ಗ ಬರುತ್ತದೆ. ಬಿಡ್/ಆಸ್ಕ್ ನೋಡಿದರೆ ಕಾಲ್ 45.2/46.6, ಪುಟ್ 37.1/38.5, ಷೇರು 999.6/1000.2. ಇನ್ನು 35 ದಿನಕ್ಕೆ 5ರ ಡಿವಿಡೆಂಡ್ ಇದೆ, ಆದರೆ ಆಪ್ಷನ್‌ಗೆ ಡಿವಿಡೆಂಡ್ ಸಿಗುವುದಿಲ್ಲವಲ್ಲ ಎಂದು ಬಿಟ್ಟಿದ್ದೇನೆ. ಕಾಲ್ ಕೊಂಡು, ಪುಟ್ ಮತ್ತು ಷೇರು ಮಾರಿದರೆ ಇದು ಅಪಾಯವಿಲ್ಲದ ಲಾಭ ಅಲ್ಲವೇ? ಅಥವಾ ಷೇರು ಬೀಳುತ್ತದೆಂದು ಮಾರುಕಟ್ಟೆ ಎಣಿಸಿರುವುದರಿಂದ ಕಾಲ್ ಅಗ್ಗವಾಗಿದೆಯೇ?

ಉತ್ತರ: ನಿಮ್ಮ ಗುಣಾಕಾರ ಭಾಗಾಕಾರದಲ್ಲಿ ತಪ್ಪಿಲ್ಲ. ಸೂತ್ರಕ್ಕೆ ಹಾಕಿದ ಸಂಖ್ಯೆಗಳಲ್ಲಿ ತಪ್ಪಿದೆ. ನೀವು ಬಿಟ್ಟ ಡಿವಿಡೆಂಡ್ ಆ 6.58ರಲ್ಲಿ ಸುಮಾರು 5 ಅನ್ನು ತಿನ್ನುತ್ತದೆ, ಉಳಿದದ್ದನ್ನು ಬಿಡ್-ಆಸ್ಕ್ ಅಂತರ ತಿನ್ನುತ್ತದೆ. ನಿಮ್ಮ ಅಂಕಿಗಳಲ್ಲೇ ಒಂದೊಂದಾಗಿ ನೋಡೋಣ.

ಮೊದಲು ಪ್ಯಾರಿಟಿ ಯಾಕೆ ನಿಲ್ಲುತ್ತದೆ ಎಂಬುದು. ಎರಡು ಬುಟ್ಟಿ ಇಟ್ಟುಕೊಳ್ಳಿ. ಒಂದರಲ್ಲಿ ಒಂದು ಕಾಲ್, ಜೊತೆಗೆ 90 ದಿನಕ್ಕೆ ಬೆಳೆದು ಸರಿಯಾಗಿ 1,000 ಆಗುವಷ್ಟು ಹಣ. ಶೇ. 6ರ ಸರಳ ಬಡ್ಡಿಯಲ್ಲಿ ಆ ಹಣ 1,000 ÷ (1 + 0.06 × 90/365), ಅಂದರೆ 985.42. ಇನ್ನೊಂದರಲ್ಲಿ ಒಂದು ಪುಟ್, ಒಂದು ಷೇರು. ಎಕ್ಸ್‌ಪೈರಿ ದಿನ ಷೇರು 1,200ಕ್ಕೆ ಹೋಗಿದ್ದರೆ ಮೊದಲ ಬುಟ್ಟಿಯ ಕಾಲ್ 200, ಹಣ 1,000, ಒಟ್ಟು 1,200. ಎರಡನೆಯದರಲ್ಲಿ ಪುಟ್‌ಗೆ ಬೆಲೆಯಿಲ್ಲ, ಷೇರು 1,200. ಷೇರು 850ಕ್ಕೆ ಇಳಿದಿದ್ದರೆ ಮೊದಲನೆಯದರಲ್ಲಿ ಹಣ 1,000 ಮಾತ್ರ, ಎರಡನೆಯದರಲ್ಲಿ ಪುಟ್ 150 ಮತ್ತು ಷೇರು 850. ಎಲ್ಲಿಗೆ ಹೋದರೂ ಎರಡೂ ಸಮ. ಕೊನೆಯಲ್ಲಿ ಸಮವಾಗುವವು ಇಂದು ಕೂಡ ಸಮ ಬೆಲೆಗೇ ಇರಬೇಕು. ನಿಮ್ಮ ಅಂಕಿಯಲ್ಲಿ ಮೊದಲ ಬುಟ್ಟಿ 46 + 985.42 = 1,031.42, ಎರಡನೆಯದು 38 + 1,000 = 1,038. ವ್ಯತ್ಯಾಸ 6.58. ಬಡ್ಡಿಯನ್ನು ನಿರಂತರ ಚಕ್ರಬಡ್ಡಿಯಾಗಿ ಹಿಡಿದರೆ 985.42ರ ಬದಲು 985.31 ಬರುತ್ತದೆ. ಆ 0.11ಕ್ಕೆ ಇಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈ ತರ್ಕದಲ್ಲಿ ಷೇರು ಏರುತ್ತದೋ ಇಳಿಯುತ್ತದೋ ಎಂಬ ಮಾತು ಎಲ್ಲೂ ಬರಲಿಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಮಾರುಕಟ್ಟೆಗೆ ಭಯ ಹೆಚ್ಚಿದರೆ ಷೇರಿನ ಬೆಲೆ ಇಳಿಯಬಹುದು, ಕಾಲ್ ಪುಟ್ ಎರಡರ ಬೆಲೆಯೂ ಒಟ್ಟಿಗೆ ಏರಬಹುದು. ಆದರೆ ಒಂದೇ ಸ್ಟ್ರೈಕ್‌ನ ಕಾಲ್ ಮತ್ತು ಪುಟ್‌ಗಳ ನಡುವಿನ ವ್ಯತ್ಯಾಸವನ್ನು ನಿರ್ಧರಿಸುವುದು ಷೇರಿನ ಈಗಿನ ಬೆಲೆ, ಬಡ್ಡಿ, ಡಿವಿಡೆಂಡ್, ಷೇರು ಸಾಲ ತರುವ ಖರ್ಚು, ಇಷ್ಟೇ. "ಪುಟ್‌ಗಿಂತ ಕಾಲ್ ದುಬಾರಿ, ಹಾಗಾಗಿ ಷೇರು ಏರುತ್ತದೆ" ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ನಿಮ್ಮ ಷೇರಿನಲ್ಲೂ ಕಾಲ್ ದುಬಾರಿಯೇ. ಅದಕ್ಕೆ ಕಾರಣ 90 ದಿನದ ಬಡ್ಡಿ ಮಾತ್ರ.

ಈಗ ಡಿವಿಡೆಂಡ್. ಆಪ್ಷನ್‌ಗೆ ಡಿವಿಡೆಂಡ್ ಸಿಗುವುದಿಲ್ಲ ಎಂಬುದು ನಿಜ. ಅದೇ ಕಾರಣಕ್ಕೆ ಅದನ್ನು ಲೆಕ್ಕಕ್ಕೆ ಸೇರಿಸಬೇಕು. ಎರಡನೇ ಬುಟ್ಟಿಯಲ್ಲಿ ಷೇರಿದೆ, ಅದನ್ನು ಹಿಡಿದವರಿಗೆ 5 ಸಿಗುತ್ತದೆ. ಮೊದಲ ಬುಟ್ಟಿಯವರಿಗೆ ಸಿಗುವುದಿಲ್ಲ. ಹಾಗಾಗಿ ಎರಡನೇ ಬುಟ್ಟಿ ಅಷ್ಟು ದುಬಾರಿ ಇರುವುದೇ ನ್ಯಾಯ. ನಿಮ್ಮ ಯೋಜನೆಯ ಕಡೆಯಿಂದ ನೋಡಿದರೆ ಇನ್ನೂ ಸ್ಪಷ್ಟ. ನೀವು ಷೇರನ್ನು ಸಾಲ ತಂದು ಮಾರುತ್ತೀರಿ, ಅಂದರೆ ಶಾರ್ಟ್ ಮಾಡುತ್ತೀರಿ. 35ನೇ ದಿನ ಡಿವಿಡೆಂಡ್ ಹೋಗುವುದು ನಿಮ್ಮಿಂದ ಕೊಂಡವರಿಗೆ. ಸಾಲ ಕೊಟ್ಟವರು ತಮ್ಮ 5 ಅನ್ನು ನಿಮ್ಮಿಂದ ಕೇಳುತ್ತಾರೆ, ನೀವು ಜೇಬಿನಿಂದ ಕೊಡಬೇಕು. ಅದರ ಇಂದಿನ ಬೆಲೆ 5 ÷ (1 + 0.06 × 35/365) = 4.97. ಸೂತ್ರ ಹೀಗಿರಬೇಕಿತ್ತು:

```
C + K/(1 + r*T) = P + S - D
```

ಇಲ್ಲಿ `C` ಕಾಲ್, `P` ಪುಟ್, `S` ಷೇರಿನ ಬೆಲೆ, `K` ಸ್ಟ್ರೈಕ್, `r` ಬಡ್ಡಿ ದರ, `D` ಎಂದರೆ ಎಕ್ಸ್‌ಪೈರಿಗೆ ಮುಂಚೆ ಬರುವ ಡಿವಿಡೆಂಡ್‌ಗಳ ಇಂದಿನ ಬೆಲೆ, `T` ವರ್ಷದ ಲೆಕ್ಕದಲ್ಲಿ ಉಳಿದ ಕಾಲ. 6.58ರಿಂದ 4.97 ಕಳೆದರೆ 1.61 ಉಳಿಯಿತು. ಒಂದು ಎಚ್ಚರಿಕೆ: ಡಿವಿಡೆಂಡ್ ಘೋಷಣೆಯಾಗಿದ್ದರೆ ಲೆಕ್ಕ ಸುಲಭ. ಘೋಷಣೆಯಾಗದೆ ಕೇವಲ ನಿರೀಕ್ಷೆಯಲ್ಲಿದ್ದರೂ ಆಪ್ಷನ್ ಬೆಲೆಯಲ್ಲಿ ಅದು ಆಗಲೇ ಕುಳಿತಿರುತ್ತದೆ. ಹಿಂದಿನ ವರ್ಷಗಳಲ್ಲಿ ಇದೇ ಸಮಯಕ್ಕೆ ಡಿವಿಡೆಂಡ್ ಕೊಟ್ಟ ಷೇರಿನಲ್ಲಿ ಕಾರಣ ಗೊತ್ತಾಗದ ಅಂತರ ಕಂಡರೆ ನಾನು ಮೊದಲು ನೋಡುವುದು ಅದನ್ನೇ.

ಉಳಿದ 1.61 ಕೂಡ ಕೊನೆಯ ವಹಿವಾಟಿನ ಬೆಲೆಯ ಮೇಲೆ ಹಾಕಿದ ಲೆಕ್ಕ. ಕೊನೆಯ ವಹಿವಾಟು ಯಾವಾಗಲೋ ನಡೆದದ್ದು, ಆ ಬೆಲೆಗೆ ನಿಮಗೆ ಈಗ ಯಾರೂ ಕೊಡಲು ಕುಳಿತಿಲ್ಲ. ಇದರಲ್ಲಿ ಒಂದು ದೊಡ್ಡ ಮೋಸವಿದೆ. ಷೇರು 1 ಏರಿದರೆ ಕಾಲ್ ಸ್ವಲ್ಪ ಏರುತ್ತದೆ, ಪುಟ್ ಸ್ವಲ್ಪ ಇಳಿಯುತ್ತದೆ, ಇವೆರಡರ ವ್ಯತ್ಯಾಸ ಮಾತ್ರ ಸರಿಯಾಗಿ 1 ಏರಲೇಬೇಕು. ಷೇರು 995 ಇದ್ದಾಗ ಕಾಲ್ ಪುಟ್ ಎರಡೂ ಕೊನೆಯ ಸಲ ಕೈಬದಲಾಗಿ, ಆಮೇಲೆ ಷೇರು 1,000ಕ್ಕೆ ಏರಿದರೆ, ಆಪ್ಷನ್‌ನ ಹಳೆಯ ಬೆಲೆಯನ್ನು ಷೇರಿನ ಹೊಸ ಬೆಲೆಯ ಪಕ್ಕದಲ್ಲಿಟ್ಟಾಗ ಸುಮ್ಮನೆ 5ರ ಅಂತರ ಹುಟ್ಟುತ್ತದೆ. ಅದು ಅಂತರವೇ ಅಲ್ಲ, ಎರಡು ಬೇರೆ ಗಳಿಗೆಗಳ ಬೆಲೆ ಅಷ್ಟೇ. ವಹಿವಾಟು ತೆಳುವಾಗಿರುವ ಸ್ಟ್ರೈಕ್‌ಗಳಲ್ಲಿ ಕಾಣುವ ದೊಡ್ಡ ಅಂತರಗಳ ಹಿಂದೆ ಬಹುಪಾಲು ಇದೇ ಇರುತ್ತದೆ.

ಹಾಗಾಗಿ ಕೊಳ್ಳುವುದಕ್ಕೆ ಆಸ್ಕ್, ಮಾರುವುದಕ್ಕೆ ಬಿಡ್ ಹಾಕಿ ಮತ್ತೆ ಮಾಡಿ. ನಿಮ್ಮ ಯೋಜನೆಯಲ್ಲಿ ಷೇರು ಮಾರಿದ್ದಕ್ಕೆ 999.6, ಪುಟ್ ಮಾರಿದ್ದಕ್ಕೆ 37.1 ಕೈಗೆ ಬರುತ್ತದೆ, ಕಾಲ್‌ಗೆ 46.6 ಹೋಗುತ್ತದೆ. ಉಳಿಯುವುದು 990.1. ಎಕ್ಸ್‌ಪೈರಿ ದಿನದ 1,000ಕ್ಕಾಗಿ 985.42 ತೆಗೆದಿಡಬೇಕು, ಡಿವಿಡೆಂಡ್‌ಗೆ 4.97, ಒಟ್ಟು 990.39. ನಿಮ್ಮ ಬಳಿ ಇರುವುದಕ್ಕಿಂತ 0.29 ಜಾಸ್ತಿ. ಬ್ರೋಕರ್ ಶುಲ್ಕ, ತೆರಿಗೆ ಇನ್ನೂ ಸೇರಿಸಿಲ್ಲ.

ಉಲ್ಟಾ ದಿಕ್ಕನ್ನೂ ನೋಡಿಬಿಡಿ. ಷೇರು 1000.2ಕ್ಕೆ ಕೊಂಡು, ಪುಟ್ 38.5ಕ್ಕೆ ಕೊಂಡು, ಕಾಲ್ 45.2ಕ್ಕೆ ಮಾರಿದರೆ ಖರ್ಚು 993.5. ಇದಕ್ಕೆ ಬದಲಾಗಿ 35ನೇ ದಿನ 5, 90ನೇ ದಿನ ಖಚಿತವಾಗಿ 1,000 ಸಿಗುತ್ತದೆ. ಇವೆರಡರ ಇಂದಿನ ಬೆಲೆ ಅದೇ 990.39. ನಷ್ಟ 3.11. ಎರಡೂ ದಿಕ್ಕಿನಲ್ಲಿ ಲೆಕ್ಕ ಋಣವಾಗಿ ಬಂತು ಎಂದರೆ ಇಲ್ಲಿ ಬೆಲೆಯ ಅಂತರ ಇಲ್ಲ ಎಂದರ್ಥ. ಪ್ಯಾರಿಟಿಯನ್ನು ಒಂದು ಗೆರೆ ಎಂದುಕೊಳ್ಳುವ ಬದಲು ಒಂದು ಪಟ್ಟಿ ಎಂದುಕೊಳ್ಳಿ. ಬೆಲೆಗಳು ಆ ಪಟ್ಟಿಯೊಳಗೆ ಎಲ್ಲಿದ್ದರೂ ಯಾರಿಗೂ ತೆಗೆದುಕೊಳ್ಳಲು ಏನೂ ಸಿಗುವುದಿಲ್ಲ. ಖರ್ಚು ಕಡಿಮೆ ಇರುವವರಿಗೆ ಪಟ್ಟಿ ಕಿರಿದು, ನಿಮಗೆ ಅಗಲ.

ಇಲ್ಲಿಯವರೆಗಿನ ಲೆಕ್ಕದಲ್ಲಿ ನಾನು ನಿಮಗೆ ಒಂದು ಉದಾರ ರಿಯಾಯಿತಿ ಕೊಟ್ಟಿದ್ದೇನೆ. ಷೇರು ಶಾರ್ಟ್ ಮಾಡಿ ಬಂದ ಹಣ ನಿಮ್ಮ ಕೈಗೆ ಬಂದು ಶೇ. 6 ಬಡ್ಡಿ ದುಡಿಯುತ್ತದೆ ಎಂದು ಹಿಡಿದೆ. ವಾಸ್ತವದಲ್ಲಿ ಆ ಹಣ ಷೇರು ಸಾಲ ಕೊಟ್ಟವರ ಬಳಿ ಒತ್ತೆಯಾಗಿ ಉಳಿಯುತ್ತದೆ. ದೊಡ್ಡ ಸಂಸ್ಥೆಗಳಿಗೆ ಅದರ ಮೇಲಿನ ಬಡ್ಡಿಯಲ್ಲಿ ಬಹುಪಾಲು ಹಿಂದಿರುಗುತ್ತದೆ, ಸಣ್ಣ ಹೂಡಿಕೆದಾರರಿಗೆ ಎಷ್ಟೋ ಸಲ ಏನೂ ಬರುವುದಿಲ್ಲ. 1,000ದ ಮೇಲೆ 90 ದಿನದ ಬಡ್ಡಿ 14.8. ಅದು ಕೈತಪ್ಪಿದರೆ 6.58ರ ಅಂತರ ಅಪ್ಪಟ ನಿಜವಾಗಿದ್ದರೂ ನಿಮಗೆ ನಷ್ಟವೇ. ಅದರ ಮೇಲೆ ಷೇರು ಸಾಲದ ಶುಲ್ಕ ಬೇರೆ.

ಬಡ್ಡಿ ದರದ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ಬಿಡ್ ಮತ್ತು ಆಸ್ಕ್‌ಗಳ ನಡುಬೆಲೆ ತೆಗೆದುಕೊಳ್ಳಿ: ಕಾಲ್ 45.9, ಪುಟ್ 37.8, ಷೇರು 999.9. ಬಡ್ಡಿ ಗೊತ್ತಿಲ್ಲವೆಂದು ಭಾವಿಸಿ ಸೂತ್ರವನ್ನು ತಿರುಗಿಸಿದರೆ, 1,000ದ ಇಂದಿನ ಬೆಲೆ 999.9 − 4.97 − 8.1 = 986.83. ಇದನ್ನು ವರ್ಷದ ದರಕ್ಕೆ ಇಳಿಸಿದರೆ ಸುಮಾರು ಶೇ. 5.4. ಅಂದರೆ ಈ ಆಪ್ಷನ್‌ಗಳ ವಹಿವಾಟುದಾರರು ಬಳಸುತ್ತಿರುವ ದರ, ಷೇರು ಸಾಲದ ಖರ್ಚನ್ನೂ ಕಳೆದು, 5.4. ನೀವು ಹಾಕಿದ್ದು 6. ನೀವು ಕಂಡ "ತಪ್ಪು ಬೆಲೆ"ಯಲ್ಲಿ ಉಳಿದಿದ್ದ ಚೂರು ಕೂಡ ಈ 0.6ರ ವ್ಯತ್ಯಾಸದೊಳಗೆ ಕರಗಿಹೋಗುತ್ತದೆ. ನನ್ನ ಮಟ್ಟಿಗೆ ಪ್ಯಾರಿಟಿಯ ನಿಜವಾದ ದಿನನಿತ್ಯದ ಬಳಕೆ ಇದೇ: ಅದು ಲಾಭ ಹುಡುಕುವ ಜರಡಿ ಎನ್ನುವುದಕ್ಕಿಂತ ಮಾರುಕಟ್ಟೆ ಯಾವ ದರ, ಯಾವ ಡಿವಿಡೆಂಡ್, ಎಷ್ಟು ಸಾಲದ ಖರ್ಚು ಹಿಡಿದಿದೆ ಎಂದು ಓದುವ ಅಳತೆಗೋಲು.

ಸಾಲದ ಖರ್ಚು ಎಷ್ಟು ದೊಡ್ಡ ಅಂತರವನ್ನು ಹಿಡಿದಿಡಬಲ್ಲದು ಎಂಬುದಕ್ಕೆ 2000ದ ಮಾರ್ಚ್‌ನ ಪಾಮ್ ಷೇರು ಪ್ರಸಿದ್ಧ ಉದಾಹರಣೆ. ಮಾತೃಸಂಸ್ಥೆ 3ಕಾಮ್ ಪಾಮ್‌ನ ಸಣ್ಣ ಪಾಲನ್ನಷ್ಟೇ ಮಾರುಕಟ್ಟೆಗೆ ಬಿಟ್ಟಿತ್ತು, ಸಾಲಕ್ಕೆ ಸಿಗುವ ಷೇರು ತೀರಾ ಕಡಿಮೆ. ಪಾಮ್ ಆಪ್ಷನ್‌ಗಳಲ್ಲಿ ಷೇರಿನ ಬೆಲೆಗೆ ಹತ್ತಿರದ ಸ್ಟ್ರೈಕ್‌ನ ಪುಟ್‌ಗಳು ಕಾಲ್‌ಗಳಿಗಿಂತ ಬಹಳ ದುಬಾರಿಯಾಗಿದ್ದವು, ಅಂದರೆ ಡಿವಿಡೆಂಡ್ ಇಲ್ಲದ ಷೇರಿನಲ್ಲಿ ಇರಬೇಕಾದದ್ದಕ್ಕೆ ತದ್ವಿರುದ್ಧ. ಅಂತರ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ತೆಗೆದುಕೊಳ್ಳಲು ಷೇರು ಶಾರ್ಟ್ ಮಾಡಬೇಕು, ಷೇರು ಸಿಗುವುದೇ ಕಷ್ಟ, ಸಿಕ್ಕರೆ ಶುಲ್ಕ ವಿಪರೀತ. ಹಾಗಾಗಿ ಅಂತರ ಕೂಡಲೇ ಮುಚ್ಚಲಿಲ್ಲ. ನಿಮ್ಮ ಹಾಗೆ ಕಾಲ್ ಅಗ್ಗ, ಪುಟ್ ದುಬಾರಿ ಕಂಡಾಗಲೆಲ್ಲ "ಈ ಷೇರು ಸಾಲಕ್ಕೆ ಸಿಗುತ್ತದೆಯೇ, ಯಾವ ದರಕ್ಕೆ?" ಎಂದು ಬ್ರೋಕರ್‌ಗೆ ಕೇಳಿ. ಉತ್ತರ ಬರುವ ಮುಂಚೆ ಕಾಲ್, ಪುಟ್, ಷೇರು ಎಂಬ ಮೂರು ಲೆಗ್‌ಗಳಲ್ಲಿ ಒಂದನ್ನೂ ಹಾಕಬೇಡಿ. ಷೇರು ಮೊದಲೇ ನಿಮ್ಮ ಖಾತೆಯಲ್ಲಿದ್ದರೆ ವಿಷಯ ಬೇರೆ. ಸಾಲವಿಲ್ಲದೆ ಅದನ್ನು ಮಾರಿ, ಕಾಲ್ ಕೊಂಡು, ಪುಟ್ ಮಾರಬಹುದು, ಬಂದ ಹಣದ ಬಡ್ಡಿಯೂ ನಿಮ್ಮದೇ. ಈಗಿನ ಬಿಡ್-ಆಸ್ಕ್‌ನಲ್ಲಿ ಅದರಲ್ಲೂ 0.29 ಕೈಬಿಡುತ್ತದೆ ಎಂಬುದು ಮಾತ್ರ ನೆನಪಿರಲಿ.

ಮುಂದಿನ ಸಲ ಅಂತರ ಕಂಡಾಗ ದೋಷ ಎಲ್ಲಿದೆ ಎಂದು ಬೇಗ ಪತ್ತೆಹಚ್ಚಲು ಎರಡು ಪರೀಕ್ಷೆಗಳಿವೆ.

ಮೊದಲನೆಯದು ಅಕ್ಕಪಕ್ಕದ ಸ್ಟ್ರೈಕ್‌ಗಳು. 950ರ ಸ್ಟ್ರೈಕ್‌ನಲ್ಲಿ ಕಾಲ್ 77.3, ಪುಟ್ 20 ಇದೆ ಎನ್ನಿ. ಡಿವಿಡೆಂಡ್ ಹಿಡಿಯದೆ ನಿಮ್ಮ ಹಳೆಯ ರೀತಿಯಲ್ಲೇ ಮಾಡಿದರೆ 950ರ ಇಂದಿನ ಬೆಲೆ 936.15, ಇರಬೇಕಾದ ವ್ಯತ್ಯಾಸ 63.85, ಇರುವುದು 57.3, ಅಂತರ 6.55. 1,050ರಲ್ಲಿ ಕಾಲ್ 25, ಪುಟ್ 66.2 ಇದ್ದರೆ ಅಂತರ 6.51. ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಅಂತರ ಬಂದರೆ ಆಪ್ಷನ್ ಬೆಲೆಗಳ ಮೇಲೆ ಅನುಮಾನ ಬೇಡ. ಎಲ್ಲ ಸ್ಟ್ರೈಕ್‌ಗೂ ಸಮಾನವಾಗಿರುವುದು ಷೇರಿನ ಕಡೆಯದ್ದು: ಡಿವಿಡೆಂಡ್, ಸಾಲದ ಖರ್ಚು, ಅಥವಾ ಹಳಸಿದ ಷೇರಿನ ಬೆಲೆ. ಬಡ್ಡಿ ತಪ್ಪಾಗಿದ್ದರೆ ಅಂತರ ಸ್ಟ್ರೈಕ್‌ನೊಂದಿಗೆ ನಿಧಾನವಾಗಿ ಬೆಳೆಯುತ್ತದೆ, ಆದರೆ ಇಷ್ಟು ಹತ್ತಿರದ ಸ್ಟ್ರೈಕ್‌ಗಳಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ. ಉಳಿದೆರಡರಲ್ಲಿ 6.5 ಇದ್ದು ಒಂದರಲ್ಲಿ ಮಾತ್ರ 11 ಬಂದರೆ, ಆ ಸ್ಟ್ರೈಕ್‌ನ ಕಾಲ್ ಅಥವಾ ಪುಟ್‌ನ ಬೆಲೆ ಹಳೆಯದು, ಇಲ್ಲವೇ ಅಲ್ಲಿ ನಿಜಕ್ಕೂ ಏನೋ ಇದೆ. ಬಿಡ್-ಆಸ್ಕ್ ಹಾಕಿ ನೋಡಬೇಕಾದದ್ದು ಅಂಥದ್ದನ್ನು.

ಎರಡನೆಯದು ಇನ್ನೂ ಚೊಕ್ಕ. ಅದೇ ಷೇರಿಗೆ ಅದೇ ಎಕ್ಸ್‌ಪೈರಿಯ ಫ್ಯೂಚರ್ಸ್ ಇದ್ದರೆ ಷೇರಿನ ಬದಲು ಅದನ್ನೇ ಬಳಸಿ. ಕಾಲ್ ಮತ್ತು ಪುಟ್‌ಗಳ ವ್ಯತ್ಯಾಸ, ಫ್ಯೂಚರ್ಸ್ ಬೆಲೆಯಿಂದ ಸ್ಟ್ರೈಕ್ ಕಳೆದು ಬಂದದ್ದರ ಇಂದಿನ ಬೆಲೆಗೆ ಸಮವಾಗಿರಬೇಕು. ಫ್ಯೂಚರ್ಸ್ 1008.3ರಲ್ಲಿದ್ದರೆ 8.3ರ ಇಂದಿನ ಬೆಲೆ 8.18, ನಿಮ್ಮ ನಡುಬೆಲೆಯ ವ್ಯತ್ಯಾಸ 8.1. ಅಂತರ 0.08, ಅಂದರೆ ಏನೂ ಇಲ್ಲ. ಡಿವಿಡೆಂಡ್ ಮತ್ತು ಸಾಲದ ಖರ್ಚು ಫ್ಯೂಚರ್ಸ್ ಬೆಲೆಯೊಳಗೇ ಸೇರಿಹೋಗಿರುವುದರಿಂದ ಅವನ್ನು ಊಹಿಸುವ ಕೆಲಸವಿಲ್ಲ. ಬಡ್ಡಿಯಲ್ಲಿ ಶೇ. 1ರ ತಪ್ಪಾದರೂ ಇಲ್ಲಿ 0.02 ಮಾತ್ರ ಏರುಪೇರು. ಷೇರಿನ ಬೆಲೆಯಿಂದ ಹೊರಟರೆ ಅದೇ ತಪ್ಪು ಸುಮಾರು 2.4ರಷ್ಟು ದಾರಿ ತಪ್ಪಿಸುತ್ತದೆ.

ಈ ಎರಡೂ ಪರೀಕ್ಷೆ ದಾಟಿ, ಬಿಡ್-ಆಸ್ಕ್ ಮತ್ತು ಶುಲ್ಕ ಕಳೆದ ಮೇಲೂ ಅಂತರ ಉಳಿದರೆ, ಮುಂದೆ ಎಡವುವುದು ಆರ್ಡರ್ ಹಾಕುವಾಗ. ನಡುಬೆಲೆಗೆ ಲಿಮಿಟ್ ಆರ್ಡರ್ ಇಟ್ಟರೆ ನಿಮ್ಮ ಉದಾಹರಣೆಯಲ್ಲಿ ಕಾಗದದ ಮೇಲೆ 1.41 ಸಿಗುತ್ತದೆ. ಆದರೆ ಮೂರು ಲೆಗ್ ಒಂದೇ ಕ್ಷಣಕ್ಕೆ ಆಗುವುದಿಲ್ಲ. ಕಾಲ್ ಸಿಕ್ಕಿ, ಷೇರು ಮಾರುವ ಮುಂಚೆ ಅದು 5 ಇಳಿದರೆ, ಈ ಸ್ಟ್ರೈಕ್‌ನ ಕಾಲ್ ಸುಮಾರು 2.5ರಿಂದ 3 ಕಳೆದುಕೊಳ್ಳುತ್ತದೆ. ಗಳಿಸಲು ಹೊರಟದ್ದರ ದುಪ್ಪಟ್ಟು. ಹಾಗಾಗಿ ಬಿಡ್-ಆಸ್ಕ್ ಅಂತರ ಹೆಚ್ಚಿರುವ, ಕೈಗೆ ಸಿಗಲು ಕಷ್ಟದ ಲೆಗ್ ಅನ್ನು ಮೊದಲು ಮುಗಿಸಿ, ಸುಲಭವಾಗಿ ಸಿಗುವ ಷೇರು ಅಥವಾ ಫ್ಯೂಚರ್ಸ್ ಅನ್ನು ಕೊನೆಗೆ ತಕ್ಷಣ ಹಾಕುವುದು ವಾಡಿಕೆ. ಮೂರೂ ಲೆಗ್ ಒಂದೇ ಆರ್ಡರ್ ಆಗಿ ಹಾಕಲು ಬ್ರೋಕರ್ ಅವಕಾಶ ಕೊಟ್ಟರೆ ಅದೇ ಒಳ್ಳೆಯದು.

ಎಕ್ಸ್‌ಪೈರಿ ದಿನವೂ ಒಂದು ತೊಡಕಿದೆ. ಷೇರು ಸರಿಯಾಗಿ 1,000ದಲ್ಲೇ ಬಂದು ನಿಂತರೆ ನೀವು ಮಾರಿದ ಪುಟ್ ಚಲಾವಣೆಯಾಗುತ್ತದೋ ಇಲ್ಲವೋ ತಿಳಿಯದು. ಶಾರ್ಟ್ ಮುಚ್ಚಲು ಷೇರು ಬೇಕು, ಅದು ಬರುತ್ತದೆಂದು ನಂಬಿ ಕುಳಿತು ಬರದೆ ಹೋದರೆ ಮರುದಿನದ ಬೆಲೆಗೆ ನೀವು ತೆರೆದ ಎದೆ. ನಗದಿನಲ್ಲಿ ಇತ್ಯರ್ಥವಾಗುವ ಆಪ್ಷನ್ ಆದರೆ, ಇತ್ಯರ್ಥದ ಬೆಲೆ ಹೇಗೆ ತೆಗೆಯುತ್ತಾರೆ ಎಂದು ಕರಾರಿನಲ್ಲಿ ಓದಿಕೊಳ್ಳಿ. ಅದು ಕೊನೆಯ ಅವಧಿಯ ಸರಾಸರಿಯಾಗಿದ್ದರೆ, ನೀವು ಷೇರನ್ನು ಒಂದೇ ಏಟಿಗೆ ಕೊಂಡು ಮುಚ್ಚಿದ ಬೆಲೆ ಅದಕ್ಕೆ ತಾಳೆಯಾಗುವುದಿಲ್ಲ.

ನಿಮ್ಮ ಆಪ್ಷನ್ ಯುರೋಪಿಯನ್ ಎಂದು ಬರೆದಿದ್ದೀರಿ, ಆದರೂ ಕರಾರಿನ ವಿವರದಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ಅಮೆರಿಕನ್ ಮಾದರಿಯಾಗಿದ್ದರೆ ಸಮೀಕರಣವೇ ಇರುವುದಿಲ್ಲ, ಎರಡು ಗಡಿಗಳಷ್ಟೇ ಇರುತ್ತವೆ. ನಿಮ್ಮ ಅಂಕಿಯಲ್ಲಿ ಕಾಲ್ ಮತ್ತು ಪುಟ್‌ಗಳ ವ್ಯತ್ಯಾಸ −4.97ಕ್ಕಿಂತ ಕಡಿಮೆಯಾಗಬಾರದು, 14.58 ದಾಟಬಾರದು. 8 ಅದರೊಳಗೆ ನೆಮ್ಮದಿಯಾಗಿ ಕೂರುತ್ತದೆ. ನೀವು ಮಾರಿದ ಅಮೆರಿಕನ್ ಪುಟ್ ಅನ್ನು ಎದುರಿನವರು 60ನೇ ದಿನವೇ ಚಲಾಯಿಸಿದರೆ ಆ ದಿನವೇ 1,000 ಕೊಟ್ಟು ಷೇರು ಪಡೆಯಬೇಕು. ಶಾರ್ಟ್ ಮುಚ್ಚಿಹೋಗುತ್ತದೆ, ಉಳಿದ 30 ದಿನದ ಬಡ್ಡಿ, ಸುಮಾರು 4.9, ಕೈಬಿಡುತ್ತದೆ. ಕಾಲ್ ನಿಮ್ಮ ಬಳಿ ಉಳಿಯುತ್ತದೆ, ಆದರೆ ಷೇರು ಬಹಳ ಕೆಳಗಿದ್ದಾಗಲೇ ಪುಟ್ ಹೀಗೆ ಚಲಾವಣೆಯಾಗುವುದರಿಂದ ಆ ಕಾಲ್‌ಗೆ ಹೆಚ್ಚು ಬೆಲೆ ಇರುವುದಿಲ್ಲ.